ಇದ್ದಿಲು ಪಾಸು ಮಾಡಿದ ವರ್ಷ

ಮನೀಶ್ ನಗರದಲ್ಲಿ ನನ್ನ ಮಗಳ ಮನೆಯಿರುವ ಕಟ್ಟಡಕ್ಕೆ ವನಶ್ರೀ ಎಂದು ಹೆಸರು. ಸುತ್ತಮುತ್ತ ಹುಡುಕಿದರೆ ಒಂದು ಬೇವಿನ ಗಿಡ ಸಿಕ್ಕೀತು, ಅದಕ್ಕೂ ಯಾರೋ ಟ್ಯೂಶನ್ ಕ್ಲಾಸಿನ ಬೋರ್ಡು ಮೊಳೆ ಹೊಡೆದು ಕೂರಿಸಿದ್ದಾರೆ. ಹೋದ ತಿಂಗಳು ಅಲ್ಲಿ ಉಳಿದಿದ್ದಾಗ ಬೆಳಿಗ್ಗೆ ಕೆಳಗಡೆ ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಆ ವಾಸನೆ ಮೂರನೆಯ ಮಹಡಿಗೆ ಬಂತು. ನಾನು ಇಳಿದುಹೋಗಿ ಅವನ ಚೀಲದಿಂದ ಒಂದು ಇದ್ದಿಲು ಎತ್ತಿ, ಅಡ್ಡಕ್ಕೆ ಮುರಿದು, ಕನ್ನಡಕ ಸರಿಮಾಡಿಕೊಂಡು ನೋಡಿ "ಬಬೂಲ್" ಎಂದೆ, ನಮ್ಮ ಜಾಲಿ. ಅವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಮೆಲ್ಲಗೆ ತಿದ್ದಿದ: "ಕೋಯ್ಲಾ ಹೈ ಬಾಬೂಜಿ, ಕೋಯ್ಲಾ."

ಅವನಿಗೇನು ಗೊತ್ತು. ಒಂದು ಕಾಲದಲ್ಲಿ ಈ ನಾಗಪುರದಲ್ಲಿ ಇದ್ದಿಲು ನೋಡಿ ಮರದ ಹೆಸರು ಹೇಳುವವನು ನಾನೊಬ್ಬನೇ ಇದ್ದೆ, ಹಾಗೆಂದು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ನನ್ನ ಬದುಕಿನಲ್ಲಿ ನಾನು ತೀರ ಹೇಸುವ ವರ್ಷವೂ ಅದೇ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕೊನೆಯ ಚಳಿಗಾಲ ಅದು. ನಾನು ಧಾರವಾಡ ಕಡೆಯವನು, ರೈಲ್ವೆಯಲ್ಲಿ ಸ್ಲೀಪರ್ ಪಾಸು ಮಾಡುವ ಕೆಲಸ. ಹಳಿಯ ಕೆಳಗೆ ಹಾಸುವ ಮರದ ತುಂಡುಗಳು ಕಾಡಿನಿಂದ ರಾಶಿ ರಾಶಿ ಬರುತ್ತಿದ್ದವು. ನಾನು ಒಂದೊಂದನ್ನೂ ಕೋಲಿನಿಂದ ತಟ್ಟಿ, ಕೊನೆಯನ್ನು ಚಾಕುವಿನಿಂದ ಕೆತ್ತಿ, ಭೂತಗನ್ನಡಿಯಲ್ಲಿ ನೋಡಿ, ಒಳ್ಳೆಯದಾದರೆ ಸುತ್ತಿಗೆಯಿಂದ ಮುದ್ರೆ ಒತ್ತುವುದು. ಬಿರುಕು, ಟೊಳ್ಳು, ಹುಳ ಇದ್ದರೆ ರಿಜೆಕ್ಟ್. ಗುತ್ತಿಗೆದಾರರು ನನ್ನ ಹಿಂದೆ ಚಹಾ ಹಿಡಿದುಕೊಂಡು ತಿರುಗುತ್ತಿದ್ದರು. ನನಗೆ ಕೊಂಬು ಬಂದಿತ್ತು, ಅದನ್ನೇಕೆ ಮುಚ್ಚಿಡಲಿ.

ಆಗ ಸಾವನೇರ್ ದಾಟಿ ಕನ್ಹಾನ್ ನದಿಗೆ ಸೇರುವ ಒಂದು ಹಳ್ಳದ ದಂಡೆಯ ಮೇಲೆ ಒಬ್ಬ ಪ್ರೊಫೆಸರರು ಹಳೆಯ ದಿಬ್ಬ ಅಗೆಯುತ್ತಿದ್ದರು. ಸಾವಿರಾರು ವರ್ಷ ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಜನರ ಊರು. ಅಲ್ಲಿ ಬುಟ್ಟಿಗಟ್ಟಲೆ ಇದ್ದಿಲು ಸಿಕ್ಕಿತು. ಅದನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯಕ್ಕೆ ಕಳಿಸಿದರೆ ಉತ್ತರ ಬರಲು ಎಷ್ಟು ಕಾಲವಾಗುತ್ತದೋ ಎಂದು, ಮರ ಗೊತ್ತಿರುವವನನ್ನು ಎರವಲು ಕೊಡಿ ಎಂದು ರೈಲ್ವೆಗೆ ಬರೆದರು. ನನ್ನನ್ನು ಕೊಟ್ಟರು.

ಪ್ರೊಫೆಸರರ ಬಗ್ಗೆ ಹೇಳಬೇಕು. ಬಿಸಿಲು ಟೊಪ್ಪಿಗೆ, ಇಸ್ತ್ರಿ ಮಾಡಿದ ಅರ್ಧ ಪ್ಯಾಂಟು, ಕೈಯಲ್ಲೊಂದು ಬೆತ್ತ. ಗುಂಡಿಯೊಳಗೆ ಎಂದೂ ಇಳಿದವರಲ್ಲ, ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಬೆತ್ತದಿಂದ ಇತಿಹಾಸ ತೋರಿಸುತ್ತಿದ್ದರು. ಅಗೆಯುವ ಮೊದಲೇ ಅವರಿಗೆ ಏನು ಸಿಗುತ್ತದೆಂದು ಗೊತ್ತಿತ್ತು: ಉತ್ತರದಿಂದ ಶತ್ರುಗಳು ಬಂದರು, ಊರಿಗೆ ಬೆಂಕಿ ಇಟ್ಟರು, ಜನ ಓಡಿಹೋದರು. ಮೇಲಿನ ಪದರಿನಲ್ಲಿ ಬೂದಿ ಕಂಡ ದಿನ ಕೂಲಿಯವರಿಗೆಲ್ಲ ಬೆಲ್ಲ ಹಂಚಿಸಿದರು. ಬಾಣದ ಮೊನೆ ಒಂದಿಲ್ಲ, ಕಡಿದ ಎಲುಬು ಒಂದಿಲ್ಲ, ಆದರೂ ಶತ್ರು ಬಂದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನ್ನ ಕೆಲಸ ಸುಲಭದ್ದು. ಮರ ಸುಟ್ಟು ಇದ್ದಿಲಾದರೂ ಒಳಗಿನ ಕಟ್ಟು ಹಾಗೆಯೇ ಉಳಿದಿರುತ್ತದೆ. ತುಂಡನ್ನು ಅಡ್ಡಕ್ಕೆ ಮುರಿದು ಹೊಸ ಮುಖವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸಾಗವಾನಿಯಾದರೆ ವರ್ಷ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲು ಕಟ್ಟಿರುತ್ತವೆ. ಮತ್ತಿಯಲ್ಲಿ ರಂಧ್ರಗಳು ಎಲ್ಲ ಕಡೆ ಚದುರಿರುತ್ತವೆ. ಜಾಲಿಯಲ್ಲಿ ಪ್ರತಿ ರಂಧ್ರದ ಸುತ್ತ ಒಂದು ಅಂಚು. ಉಂಗುರದ ಬಾಗು ನೋಡಿದರೆ ಅದು ದಪ್ಪ ಬೊಡ್ಡೆಯೋ, ಬೆರಳಿನಷ್ಟು ಕಡ್ಡಿಯೋ ಅದೂ ತಿಳಿಯುತ್ತದೆ. ಹದಿನೈದು ದಿನದಲ್ಲಿ ಪಟ್ಟಿ ಮುಗಿಸಿ ಸಹಿ ಹಾಕಿದೆ. ಕೆಳಗಿನ ಪದರು: ಸಾಗವಾನಿ, ಮತ್ತಿ. ನಡುವಿನದು: ಸಾಗವಾನಿ, ಮತ್ತಿ. ಮೇಲಿನದು: ಸಾಗವಾನಿ. ಪ್ರೊಫೆಸರರು ಪಟ್ಟಿಯನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು. ಕೊನೆಯವರೆಗೂ ದಟ್ಟ ಕಾಡಿತ್ತು ಅಂದಮೇಲೆ ಊರು ಸುಮ್ಮನೆ ಹಾಳಾಗುವುದುಂಟೇ?

ಅವರ ಕೈಕೆಳಗೆ ಮಣ್ಣು ಪರೀಕ್ಷೆಗೆ ಇದ್ದವನು ನಂಜುಂಡಯ್ಯ, ಮೈಸೂರು ಕಡೆಯ ಹುಡುಗ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ನನಗೂ ಅವನಿಗೂ ಕನ್ನಡ ಬಿಟ್ಟರೆ ಒಂದೇ ರಾಜ್ಯ ಅನ್ನುವುದೂ ಆಗ ಇರಲಿಲ್ಲ. ದಿನವಿಡೀ ಗುಂಡಿಯ ಗೋಡೆಗೆ ಮೂಗು ಹಚ್ಚಿಕೊಂಡು ನಿಂತಿರುತ್ತಿದ್ದ. ಒಂದು ಮಧ್ಯಾಹ್ನ ನನ್ನನ್ನು ಕೆಳಗೆ ಕರೆದ.

"ಅಣ್ಣಿಗೇರಿಯವರೇ, ನಿಮ್ಮ ಪಟ್ಟಿ ನನ್ನ ಮಣ್ಣಿಗೆ ಹೊಂದ್ತಾ ಇಲ್ಲ."

"ನಿನ್ನ ಮಣ್ಣು ತಪ್ಪಿರಬೇಕು ತಮ್ಮಾ" ಎಂದೆ.

ಅವನು ನಗಲಿಲ್ಲ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದಿಸಿದ. ತಳದಲ್ಲಿ ಕಪ್ಪು ಎರೆಮಣ್ಣು, ಅದರ ಮೇಲೆ ಮೊದಲ ಮನೆಗಳು, ದನ ಮತ್ತು ಜಿಂಕೆಯ ಎಲುಬು. ಅದರ ಮೇಲೆ ಒಂದು ತೆಳು ಪಟ್ಟಿ, ತುಂಬ ಬಿಳಿ ಸುಣ್ಣದ ಗಂಟುಗಳು. ಮಳೆ ಬರೋಬರ್ ಬಂದಿದ್ದರೆ ಆ ಸುಣ್ಣ ಕರಗಿ ಕೆಳಗೆ ಹೋಗುತ್ತಿತ್ತು, ಅದು ಅಲ್ಲೇ ಗಂಟು ಕಟ್ಟಿದೆ ಅಂದರೆ ಮಳೆ ಸೋತ ಕಾಲ. ಆದರೂ ಊರು ಉಳಿದಿದೆ. ಆ ಪಟ್ಟಿಯಲ್ಲಿ ಹಿಪ್ಪೆ ಬೀಜ, ಕಾಡುಹಂದಿಯ ಎಲುಬು ಹೆಚ್ಚು. ಹೊಲ ಕೈಕೊಟ್ಟಾಗ ಕಾಡು ಸಾಕಿದೆ. ಮತ್ತೆ ಮಳೆ ಬಂದಿದೆ, ಮನೆ ಹೆಚ್ಚಿವೆ, ಕಬ್ಬಿಣದ ಕುಲುಮೆಗಳು ಸಾಲಾಗಿ ಎದ್ದಿವೆ, ಕಿಟ್ಟದ ರಾಶಿ ಬಿದ್ದಿದೆ. ಆಮೇಲೆ ಎರಡನೆಯ ಸಲ ಸುಣ್ಣದ ಗಂಟು. ಈ ಸಲ ಜಿಂಕೆಯಿಲ್ಲ, ಬರೀ ಆಡಿನ ಎಲುಬು. ಒಲೆಯ ಮೇಲೇ ಗೇಣುದ್ದ ದಪ್ಪ ಮರಳು, ಗರಸು. ಅದರ ಮೇಲೆ ಏನೂ ಇಲ್ಲ.

"ಈ ಗರಸು ಎಲ್ಲಿಂದ ಬಂತು ಹೇಳಿ?" ಎಂದ. "ಹಳ್ಳದ್ದಲ್ಲ. ಹಳ್ಳದ್ದಾಗಿದ್ರೆ ನುಣುಪಾಗಿರೋದು. ಇದು ಮೊನಚಾಗಿದೆ, ಪಕ್ಕದ ಗುಡ್ಡದಿಂದ ನೇರ ಇಳಿದಿರೋದು. ಗುಡ್ಡದ ಮೇಲೆ ಮರ ಇದ್ದಿದ್ರೆ ಇಷ್ಟು ಕಲ್ಲು ಇಳೀತಿರಲಿಲ್ಲ. ನೀವು ನೋಡಿದ್ರೆ ಸಾಗವಾನಿ ಕಾಡು ಅಂತ ಬರೆದಿದ್ದೀರಿ."

ನನಗೆ ಸಿಟ್ಟು ಬಂತು. ಹತ್ತು ವರ್ಷ ಮರ ನೋಡಿದ ಕಣ್ಣು ನನ್ನದು. ಮನೆಗೆ ಹೋಗಿ ಊಟಕ್ಕೆ ಕೂತು, ಆ ಹುಡುಗನಿಗೆ ಬೈಯುತ್ತಾ ಹೆಂಡತಿ ಗಂಗವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೇಳಿದಳು:

"ಮ್ಯಾಲಿನ ಪದರಿನ್ಯಾಗ ಇದ್ದಿಲು ಎಷ್ಟು ಸಿಕ್ಕಾವ್ರಿ?"

"ನಾಲ್ಕೈದು ತುಂಡು. ಉಳದದ್ದು ಬರೇ ಬೂದಿ, ಕಡ್ಡಿ ಚೂರು. ಅವನ್ನೆಲ್ಲ ರಿಜೆಕ್ಟ್ ಮಾಡೀನಿ."

"ಬೂದಿ ಹ್ಯಾಂಗೈತಿ? ಬೂದುಬಣ್ಣ, ಮೆತ್ತಗ, ಒಳಗ ಹುಲ್ಲಿನ ಗುರುತು?"

"ಹೌದು."

"ಅದು ಸಗಣಿ ಕುಳ್ಳಿನ ಬೂದಿ. ಕಟಗಿ ಇದ್ದವರು ಕುಳ್ಳು ಯಾಕ ಒಟ್ಟತಾರ್ರಿ? ಕಟಗಿ ಇಲ್ಲದವರು ಒಟ್ಟತಾರ. ನೀವು ಬರೇ ಛಲೋ ಕಟಗಿ ಆರಿಸಿ ಇಟಗೊಂಡ್ರಿ, ಸ್ಲೀಪರ್ ಆರಿಸಿಧಾಂಗ."

ಅವಳು ಹೇಳಿದ್ದು ಅಕ್ಷರಶಃ ನಿಜ. ಹದಿನೈದು ದಿನ ನಾನು ಇದ್ದಿಲನ್ನು ಪಾಸು ಮಾಡಿದ್ದೆ. ದಪ್ಪ, ಗಟ್ಟಿ ತುಂಡು ಕಂಡರೆ ಪಟ್ಟಿಗೆ. ಕಡ್ಡಿ, ಪುಡಿ, ಬೂದಿ ಕಂಡರೆ ಕಸದ ಬುಟ್ಟಿಗೆ. ಜಗತ್ತಿನ ಯಾವ ಮೂರ್ಖನೂ ಮಾಡದ ತಪ್ಪು, ಸ್ಲೀಪರ್ ಪಾಸು ಮಾಡುವವನೊಬ್ಬನೇ ಮಾಡಬಲ್ಲ ತಪ್ಪು. ಮೇಲಿನ ಪದರಿನ ಸಾಗವಾನಿ ತುಂಡುಗಳೂ ಬಹುಶಃ ಹಳೆಯ ಮನೆಯ ಕಂಬ ಕಿತ್ತು ಒಲೆಗಿಟ್ಟದ್ದು. ಪ್ರೊಫೆಸರರನ್ನು ಮನಸ್ಸಿನಲ್ಲೇ ಕತ್ತೆ ಎಂದು ಕರೆಯುತ್ತಿದ್ದವನು ನಾನು. ಆ ಕತ್ತೆಗೆ ಹುಲ್ಲು ಹಾಕಿದವನೂ ನಾನೇ.

ಮರುದಿನ ನಂಜುಂಡಯ್ಯನಿಗೆ ಹೇಳಿದೆ. ಅವನು ಹಂಗಿಸಬಹುದಿತ್ತು, ಹಂಗಿಸಲಿಲ್ಲ. ಇಬ್ಬರೂ ಸೇರಿ ಗುಂಡಿಯ ಗೋಡೆಯಿಂದಲೇ ಪದರು ಪದರಾಗಿ ಮಣ್ಣು ತೆಗೆದು, ನೀರಿಗೆ ಹಾಕಿ, ತೇಲಿದ್ದನ್ನೆಲ್ಲ ಸೋಸಿ, ಏನನ್ನೂ ಬಿಡದೆ ನೋಡಿದೆವು. ಮಣ್ಣು ಹೊರಲು ಸೋನಾಬಾಯಿ ಎಂಬ ಗೊಂಡ ಬುಡಕಟ್ಟಿನ ಹೆಂಗಸು ಇದ್ದಳು. ಆ ಗುಡ್ಡದ ಬುಡದಲ್ಲೇ ಅವಳ ಊರು, ಅಲ್ಲೊಂದು ಒರತೆ, ಬೇಸಿಗೆಯಲ್ಲೂ ಬತ್ತದ್ದು. ನಮಗೆ ಕುಡಿಯುವ ನೀರು ಅಲ್ಲಿಂದಲೇ ಬರುತ್ತಿತ್ತು. ನಾಲ್ಕು ದಿನದಲ್ಲಿ ಸತ್ಯ ಸಾಲಾಗಿ ಬಂದು ನಿಂತಿತು, ಹೊಸ ಪಟ್ಟಿ ಬರೆದೆ. ಕೆಳಗೆ ಅಗಲ ಬಾಗಿನ ಸಾಗವಾನಿ, ಮತ್ತಿ. ಕುಲುಮೆಗಳ ಕಾಲದಲ್ಲಿ ಅದೇ ಮರ, ಆದರೆ ಬರಬರುತ್ತ ತೆಳ್ಳಗೆ, ತೋಳಿನಷ್ಟು, ಮಣಿಕಟ್ಟಿನಷ್ಟು. ಕೊನೆಗೆ ಜಾಲಿ, ಬಾರಿ ಮುಳ್ಳು, ಬೆರಳಿನಷ್ಟು ಕಡ್ಡಿ. ಕಟ್ಟಕಡೆಗೆ ಕುಳ್ಳಿನ ಬೂದಿ.

"ಈಗ ಹೊಂದ್ತು" ಎಂದ ನಂಜುಂಡಯ್ಯ. "ಕುಲುಮೆಗೆ ಇದ್ದಿಲು ಬೇಕು, ಒಂದು ಹಿಡಿ ಕಬ್ಬಿಣಕ್ಕೆ ಎಷ್ಟೋ ಬುಟ್ಟಿ. ಗುಡ್ಡ ಬೋಳಾಯ್ತು. ಸಗಣಿ ಒಲೆಗೆ ಹೋಯ್ತು, ಹೊಲಕ್ಕೆ ಗೊಬ್ಬರ ಇಲ್ಲ. ಚಿಗುರಿದ್ದನ್ನ ಆಡು ತಿಂತು. ಮಳೆ ನೀರು ಇಂಗ್ಲಿಲ್ಲ, ಒಂದೇ ಏಟಿಗೆ ಹರಿದು ಕಲ್ಲನ್ನ ಹೊಲದ ಮೇಲೆ ತಂದು ಹಾಕ್ತು. ಒರತೆ ಬತ್ತಿತು. ಅಷ್ಟರಲ್ಲಿ ಮಳೆಯೂ ಸೋಲ್ತು. ಮೊದಲನೇ ಸಲ ಸೋತಾಗ ಕಾಡಿತ್ತು, ಉಳಕೊಂಡ್ರು. ಎರಡನೇ ಸಲ ಕೈ ಚಾಚೋಕೆ ಏನೂ ಇರಲಿಲ್ಲ."

"ಅಂದ್ರ ಕಾಡು ಕಡದದ್ದಕ್ಕ ಸತ್ರು?"

"ಅದೊಂದೇ ಅಂತ ಹೇಳೋನು ಸುಳ್ಳುಗಾರ. ರೋಗ ಬಂದಿರಬಹುದು, ಜಗಳ ಆಡಿರಬಹುದು. ಸಿಂಧೂ ಕಡೆ ಊರುಗಳಲ್ಲೂ ಇಟ್ಟಿಗೆ ಸುಡೋಕೆ ಕಾಡು ಹೋಯ್ತು ಅಂತಾರೆ, ನದಿ ದಾರಿ ಬದಲಿಸ್ತು ಅಂತಾರೆ, ಮಳೆ ಕಮ್ಮಿ ಆಯ್ತು ಅಂತಾರೆ, ಇನ್ನೂ ವಾದ ಮುಗಿದಿಲ್ಲ. ಎರಡು ನದಿಗಳ ಇರಾಕಿನಲ್ಲಿ ಕಾಲುವೆ ನೀರು ನಿಂತು ನಿಂತು ಹೊಲಕ್ಕೆ ಉಪ್ಪು ಏರ್ತು, ಗೋಧಿ ಬಿಟ್ಟು ಉಪ್ಪು ತಡೆಯೋ ಜವೆ ಬಿತ್ತಿದ್ರು, ಆಮೇಲೆ ಅದೂ ಸೊರಗಿತು. ಒಂದೊಂದು ಊರಿಗೆ ಒಂದೊಂದು ಲೆಕ್ಕ. ಆದರೆ ಬರಗಾಲ ಬಂದಾಗ ಆಸರೆ ಆಗೋದನ್ನ ಮೊದಲೇ ಕಡಿದು ತಿಂದವರು ಎಲ್ಲೂ ಉಳಿದಿಲ್ಲ."

ಇದೆಲ್ಲ ಸತ್ತವರ ಸುದ್ದಿ, ನಮಗೇನು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದೇ ಬೇಸಿಗೆಯಲ್ಲಿ ಆ ಗುಡ್ಡವನ್ನು ಕಡಿಯಲು ಗುತ್ತಿಗೆ ಕೊಡುವವರಿದ್ದರು. ಎರಡು ಸಾವಿರ ವರ್ಷದಲ್ಲಿ ಮತ್ತೆ ಬೆಳೆದ ಸಾಗವಾನಿ. ಸ್ಲೀಪರಿಗೆ. ಅಂದರೆ ನನ್ನ ಸುತ್ತಿಗೆಗೆ. ನಂಜುಂಡಯ್ಯ ಆಕ್ಷೇಪಣೆ ಬರೆದು ಹಾಕಿದ. ಕಾಡಿನ ಅಧಿಕಾರಿ ಹುಚ್ಚನಲ್ಲ, ಓದಿಕೊಂಡವನು. "ಇದೇ ಗುಡ್ಡ ಬೋಳಾದಾಗ ಇದೇ ಜಾಗದಲ್ಲಿ ಹೀಗಾಯಿತು ಅನ್ನುವುದಕ್ಕೆ ಸಾಕ್ಷಿ ತೋರಿಸಿ. ಒರತೆಯ ಮೇಲಿನ ಇಳಿಜಾರನ್ನು ಬಿಟ್ಟು ಉಳಿದದ್ದನ್ನು ಕೊಡುತ್ತೇನೆ" ಎಂದನಂತೆ. ಸಾಕ್ಷಿ ಅಂದರೆ ನನ್ನ ಎರಡನೆಯ ಪಟ್ಟಿ.

ವಿಚಾರಣೆಗೆ ಎರಡು ದಿನ ಮೊದಲು ಪ್ರೊಫೆಸರರು ನನ್ನನ್ನು ಕರೆಸಿದರು. ಮೊದಲ ಪಟ್ಟಿಯ ಮೇಲೆ ಅವರಾಗಲೇ ಲೇಖನ ಬರೆದು ಕಳಿಸಿಯಾಗಿತ್ತು. ಗದರಲಿಲ್ಲ, ಚಹಾ ಕೊಟ್ಟರು. ಮರಾಠಿಯಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ನೀವು ಸಹಿ ಹಾಕಿದ ಪಟ್ಟಿ ತಪ್ಪೆಂದು ನೀವೇ ಹೇಳಿದರೆ, ನಿಮ್ಮ ಆಫೀಸಿನವರು ಕಳಿಸಿದ ಮನುಷ್ಯನಿಗೆ ಮರ ನೋಡಲು ಬರುವುದಿಲ್ಲ ಎಂದು ನಾನು ಅವರಿಗೆ ಬರೆಯಬೇಕಾಗುತ್ತದೆ. ಆಮೇಲೆ ನೀವು ಇಷ್ಟು ವರ್ಷ ಪಾಸು ಮಾಡಿದ ಸ್ಲೀಪರುಗಳನ್ನೆಲ್ಲ ಅವರು ಮತ್ತೆ ನೋಡಬೇಕು ಅಂದಾರು. ಯೋಚನೆ ಮಾಡಿ.

ಯೋಚನೆ ಮಾಡಿದೆ. ಹೇಡಿಗಳು ಮಾಡುವ ಯೋಚನೆಗೆ ಬಹಳ ಹೊತ್ತು ಬೇಕಾಗುವುದಿಲ್ಲ. ನನ್ನ ಹೆಸರು ಕೆಡುತ್ತದೆ, ಬಡ್ತಿ ಹೋಗುತ್ತದೆ, ಚಹಾ ಹಿಡಿದು ಹಿಂದೆ ಬರುವವರು ಹಿಂದಿನಿಂದ ನಗುತ್ತಾರೆ. ಗಂಗವ್ವ ಒಂದೇ ಮಾತು ಹೇಳಿದಳು: "ತಪ್ಪಾತು ಅಂದ್ರ ಬಾಯಿ ಹರೀತೈತೇನ್ರಿ?" ನಾನು ಕೇಳಿಸದವನ ಹಾಗೆ ಪೇಪರ್ ಓದಿದೆ.

ವಿಚಾರಣೆ ಸಾವನೇರಿನ ಒಂದು ತಗಡಿನ ಛಾವಣಿಯ ಬಂಗಲೆಯಲ್ಲಿ, ಮೇ ತಿಂಗಳ ಹೊಡೆತದ ಬಿಸಿಲಿನಲ್ಲಿ. ಸೋನಾಬಾಯಿಯ ಊರಿನ ಏಳೆಂಟು ಜನ ಹೊರಗಿನ ಜಗಲಿಯಲ್ಲಿ ಕೂತು ಕಿಟಕಿಯಿಂದ ನೋಡುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಂಜುಂಡಯ್ಯ ಮೇಜಿನ ಮೇಲೆ ಮಣ್ಣಿನ ಡಬ್ಬಿಗಳನ್ನು ಸಾಲಾಗಿಟ್ಟು ಚೆನ್ನಾಗಿ ವಿವರಿಸಿದ. ಪ್ರೊಫೆಸರರು ಎದ್ದು, ಈ ತರುಣನ ಉತ್ಸಾಹ ಮೆಚ್ಚತಕ್ಕದ್ದು, ಆದರೆ ಮರ ನೋಡುವುದು ಅವನ ವಿದ್ಯೆಯಲ್ಲ, ರೈಲ್ವೆಯ ತಜ್ಞರು ಕೊಟ್ಟ ಪಟ್ಟಿ ಇಲ್ಲಿದೆ ಎಂದರು. ಅಧಿಕಾರಿ ನನ್ನ ಕಡೆ ತಿರುಗಿದ. ಎರಡು ಪಟ್ಟಿಯನ್ನೂ ಮುಂದಿಟ್ಟ. ಸಹಿ ಇದ್ದದ್ದು ಒಂದಕ್ಕೆ ಮಾತ್ರ.

"ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದ.

ನಾನು ಎದ್ದು ನಿಂತೆ. ಸಾಗವಾನಿ, ಮತ್ತಿ, ಉಂಗುರ, ರಂಧ್ರ ಎಂದು ಐದು ನಿಮಿಷ ಗಂಭೀರವಾಗಿ ಮಾತಾಡಿದೆ, ಒಂದೊಂದೂ ನಿಜ. ಕೊನೆಗೆ ಸಹಿ ಇದ್ದ ಹಾಳೆಯ ಮೇಲೆ ಬೆರಳಿಟ್ಟೆ. ಇನ್ನೊಂದು ಪಟ್ಟಿಯ ಬಗ್ಗೆ ಕೇಳಿದ್ದಕ್ಕೆ, ಕಡ್ಡಿ ಮತ್ತು ಬೂದಿಯಿಂದ ಖಚಿತವಾಗಿ ಏನೂ ಹೇಳಲಾಗದು ಎಂದೆ. ನಂಜುಂಡಯ್ಯ ತನ್ನ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಹಾಕತೊಡಗಿದ.

ಮುಂದಿನದು ಮೂರೇ ಮಾತಿನ ಕತೆ. ಮಳೆಗಾಲ ಕಳೆದ ಮೇಲೆ ಗುಡ್ಡ ಪೂರ್ತಿ ಕಡಿದರು. ಮಾಲು ನನ್ನ ಅಂಗಳಕ್ಕೇ ಬಂತು, ಪಾಸು ಮಾಡಿದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಒರತೆ ನಿಂತು, ಆ ಊರಿನವರು ಗಣಿ ಕೆಲಸ ಹುಡುಕಿಕೊಂಡು ಚದುರಿದರೆಂದು ಕೇಳಿದೆ. ಹಳೆಯ ಕಾಲದವರು ಹೀಗೆ ಮೂರ್ಖರಾಗಿದ್ದರು, ಕಾಡು ಕಡಿದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು ಎಂದು ಈಗ ಯಾರಾದರೂ ಭಾಷಣ ಬಿಗಿದರೆ ನನಗೆ ನಗು ಬರುತ್ತದೆ. ಅವರ ಕೈಯಲ್ಲಿ ಭೂತಗನ್ನಡಿ ಇರಲಿಲ್ಲ.

ನನಗೆ ನೆನಪಿರುವುದು ಆ ಮಧ್ಯಾಹ್ನವೇ. ವಿಚಾರಣೆ ಮುಗಿದು ಜಗಲಿಗೆ ಬಂದೆ. ಸೋನಾಬಾಯಿ ಎದ್ದು ಬಂದಳು. ಒಳಗೆ ನಾನು ಎದ್ದು ನಿಂತು ಅಷ್ಟು ಹೊತ್ತು ಮಾತಾಡಿದ್ದನ್ನು, ಅಧಿಕಾರಿ ತಲೆದೂಗಿದ್ದನ್ನು ಕಿಟಕಿಯಿಂದ ನೋಡಿದ್ದಳು. ಇಂಗ್ಲಿಷು ಅವಳಿಗೆ ಎಲ್ಲಿಂದ ಬರಬೇಕು. ತಮ್ಮ ಪರವಾಗಿ ಮಾತಾಡಿದೆ ಎಂದುಕೊಂಡಿದ್ದಳು. ಸೆರಗಿನಿಂದ ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಆ ಗುಡ್ಡದ ಮರದ ಚಾರೋಳಿ ಬೀಜ, ಕೂತು ಒಂದೊಂದಾಗಿ ಒಡೆದು ಬಿಡಿಸಿದ್ದು.

"ಘರ್ ಮೇ ಬಾಯೀಲಾ ದೇನಾ ಸಾಹೇಬ್" ಎಂದಳು. ಮನೆಯಾಕೆಗೆ ಕೊಡಿ ಎಂದು.

ನಂಜುಂಡಯ್ಯ ಪಕ್ಕದಲ್ಲೇ ಇದ್ದ. ಅವನಿಗೆ ಹಿಂದಿಯೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು. ಒಂದು ಮಾತಿನಲ್ಲಿ ನನ್ನ ಬಣ್ಣ ಬಯಲು ಮಾಡಬಹುದಿತ್ತು. ಅವನು ಅವಳಿಗೆ ಕೈ ಮುಗಿದು, ಆಮೇಲೆ ನನಗೆ ಕನ್ನಡದಲ್ಲಿ, ಸಿಟ್ಟಿಲ್ಲದೆ ಹೇಳಿದ:

"ಇಸ್ಕೊಳ್ಳಿ ಅಣ್ಣಿಗೇರಿಯವರೇ. ಇನ್ಮೇಲೆ ಸಿಗಲ್ಲ."

ಇಸ್ಕೊಂಡೆ. ಮನೆಗೆ ತಂದೆ. ಯಾರು ಕೊಟ್ಟರು ಎಂದು ಗಂಗವ್ವ ಕೇಳಿದಳು, ಸಾವನೇರಿನ ಪ್ಯಾಟ್ಯಾಗ ಕೊಂಡೆ ಎಂದೆ. ಅವಳು ಶ್ಯಾವಿಗೆ ಪಾಯಸ ಮಾಡಿ ಅದರ ಮೇಲೆ ಧಾರಾಳವಾಗಿ ಉದುರಿಸಿದಳು. ತುಂಬ ರುಚಿಯಾಗಿತ್ತು. ಎರಡನೆಯ ಸಲ ಹಾಕಿಸಿಕೊಂಡು ಉಂಡೆ.